ಆಕ್ಸಿಲರೇಟರ್, ಕ್ಯಾಪ್, ಕ್ಲಾಬ್ಯಾಕ್: ಸೇಲ್ಸ್ ಆಫರ್‌ಗೆ ಹೂಂ ಅನ್ನುವ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನಲ್ಲಿ ಹದಿನಾಲ್ಕು ವರ್ಷದಿಂದ ಸೇಲ್ಸ್ ಕೆಲಸ ಮಾಡುತ್ತಿದ್ದೇನೆ. ಅಶೋಕ ರಸ್ತೆಯ ಅಂಗಡಿಗಳಿಂದ ಹಿಡಿದು ಮದ್ದೂರಿನ ಅಕ್ಕಿ ಗಿರಣಿಗಳವರೆಗೆ ಸುತ್ತಿದ್ದೇನೆ. ಪರಿಚಯದ ಹುಡುಗ ಹುಡುಗಿಯರು ಆಫರ್ ಲೆಟರ್ ಹಿಡಿದು ಬಂದು ಕೇಳುವುದು ಸುಮಾರಾಗಿ ಇವೇ ಪ್ರಶ್ನೆಗಳನ್ನು.

ಹೋದ ವರ್ಷ ನಮ್ಮ ಅಕ್ಕನ ಮಗ ಮಂಡ್ಯದಿಂದ ಬೆಳಗಿನ ರೈಲಿಗೆ ಬಂದಿದ್ದ. ಕೈಯಲ್ಲಿ ಆಫರ್ ಲೆಟರ್, ಅದರ ಹಿಂದೆ ಪಿನ್ ಹೊಡೆದ ಎರಡು ಹಾಳೆಯ ಕಮಿಷನ್ ಪ್ಲಾನ್. ಕಂಪನಿ ಮಾರುವುದು ಅಂಗಡಿ, ಗಿರಣಿಗಳಿಗೆ ಬೇಕಾದ ಬಿಲ್ಲಿಂಗ್ ಮತ್ತು ಸ್ಟಾಕ್ ಸಾಫ್ಟ್‌ವೇರ್, ವರ್ಷದ ಚಂದಾ ಲೆಕ್ಕದಲ್ಲಿ. ಕೆಳಗಿನ ಉತ್ತರಗಳಿಗೆಲ್ಲ ಆ ಎರಡು ಹಾಳೆಯನ್ನೇ ಇಟ್ಟುಕೊಂಡಿದ್ದೇನೆ. ಅಂಕಿಗಳನ್ನು ಮಾತ್ರ ಲೆಕ್ಕಕ್ಕೆ ಸುಲಭವಾಗಲಿ ಅಂತ ಸ್ವಲ್ಪ ದುಂಡಗೆ ಮಾಡಿದ್ದೇನೆ.

ಪ್ಲಾನಿನಲ್ಲಿ ಇದ್ದದ್ದು ಇಷ್ಟು. ತಿಂಗಳಿಗೆ 30,000 ಖಾಯಂ ಸಂಬಳ. ಟಾರ್ಗೆಟ್ ಮುಟ್ಟಿದರೆ ಮೂರು ತಿಂಗಳಿಗೆ 60,000 ಕಮಿಷನ್. ಮೂರು ತಿಂಗಳ ಟಾರ್ಗೆಟ್ 15 ಲಕ್ಷದ ಮಾರಾಟ. ಟಾರ್ಗೆಟ್‌ನ ಶೇಕಡಾ 70ಕ್ಕಿಂತ ಕಡಿಮೆಯಾದರೆ ಕಮಿಷನ್ ಇಲ್ಲ. ಶೇಕಡಾ 100 ದಾಟಿದರೆ ಒಂದೂವರೆ ಪಟ್ಟು ದರ, ಇದು ಆಕ್ಸಿಲರೇಟರ್. ಮೂರು ತಿಂಗಳಿಗೆ ಕೊಡುವ ಕಮಿಷನ್, ಟಾರ್ಗೆಟ್ ಕಮಿಷನ್‌ನ ಶೇಕಡಾ 150 ಮೀರುವಂತಿಲ್ಲ, ಇದು ಕ್ಯಾಪ್. ಗ್ರಾಹಕ ಆರು ತಿಂಗಳೊಳಗೆ ಬಿಟ್ಟರೆ ಅಥವಾ ಬಿಲ್ ಆದ 90 ದಿನದಲ್ಲಿ ಹಣ ಕಟ್ಟದಿದ್ದರೆ, ಆ ಮಾರಾಟದ ಕಮಿಷನ್ ವಾಪಸ್, ಇದು ಕ್ಲಾಬ್ಯಾಕ್.

ಆಫರ್ ಲೆಟರ್‌ನಲ್ಲಿ 6 ಲಕ್ಷ ಅಂತಿದೆ. ಕೈಗೆ 50,000 ಬರುತ್ತಾ?

ಬರುತ್ತದೆ ಅಂತ ಹೇಳಲು ಆಗುವುದಿಲ್ಲ. ಈ 6 ಲಕ್ಷದಲ್ಲಿ ಗ್ಯಾರಂಟಿ ಇರುವುದು ವರ್ಷಕ್ಕೆ 3.6 ಲಕ್ಷ ಮಾತ್ರ. ಉಳಿದ 2.4 ಲಕ್ಷ ಸಿಗುವುದು ನಾಲ್ಕು ಸಲವೂ ಟಾರ್ಗೆಟ್ ಪೂರ್ತಿ ಮುಟ್ಟಿದರೆ. ಮನೆ ಬಾಡಿಗೆ, ಬೈಕ್ ಕಂತು, ಊರಿಗೆ ಕಳಿಸುವ ದುಡ್ಡು, ಇವೆಲ್ಲ 30,000ದಲ್ಲಿ ನಡೆಯುತ್ತವಾ ಅಂತ ಮೊದಲು ನೋಡಿ. ಅದರಲ್ಲೂ ಪಿಎಫ್ ಕಡಿತ ಹೋಗಿ ಕೈಗೆ ಬರುವುದು ಇನ್ನೂ ಕಡಿಮೆ.

ಆಮೇಲೆ ಒಂದು ಸಣ್ಣ ಭಾಗಾಕಾರ ಮಾಡಿ. 60,000ವನ್ನು 15 ಲಕ್ಷದಿಂದ ಭಾಗಿಸಿದರೆ ಶೇಕಡಾ 4 ಬರುತ್ತದೆ. ಇದು ನಿಮ್ಮ ಮೂಲ ದರ. ಲಕ್ಷ ರೂಪಾಯಿ ಮಾರಿದರೆ 4,000. ಎಷ್ಟೋ ಪ್ಲಾನ್‌ಗಳಲ್ಲಿ ಈ ದರವನ್ನು ಎಲ್ಲೂ ಬರೆದಿರುವುದೇ ಇಲ್ಲ. ನೀವೇ ತೆಗೆದುಕೊಳ್ಳಬೇಕು. ಮುಂದಿನ ಲೆಕ್ಕಗಳೆಲ್ಲ ಇದರ ಮೇಲೇ ನಿಲ್ಲುತ್ತವೆ.

ಆಕ್ಸಿಲರೇಟರ್ ಒಂದೂವರೆ ಪಟ್ಟು ಅಂದರೆ, ಎಲ್ಲಾ ಮಾರಾಟಕ್ಕೂ ಒಂದೂವರೆ ಪಟ್ಟಾ?

ಇಲ್ಲಿ ಎರಡು ಥರದ ಪ್ಲಾನ್ ಇರುತ್ತದೆ. ಮಾತು ಒಂದೇ, ದುಡ್ಡು ಬೇರೆ.

ಜಾಸ್ತಿ ಕಡೆ ಇರುವುದು, ಟಾರ್ಗೆಟ್ ದಾಟಿದ ಮೇಲಿನ ಮಾರಾಟಕ್ಕೆ ಮಾತ್ರ ಹೊಸ ದರ ಕೊಡುವ ಪದ್ಧತಿ. ನೀವು 20 ಲಕ್ಷ ಮಾರಿದಿರಿ ಅಂದುಕೊಳ್ಳಿ. ಮೊದಲ 15 ಲಕ್ಷಕ್ಕೆ ಶೇಕಡಾ 4ರಂತೆ 60,000. ಮೇಲಿನ 5 ಲಕ್ಷಕ್ಕೆ ಶೇಕಡಾ 6ರಂತೆ 30,000. ಒಟ್ಟು 90,000.

ಇನ್ನೊಂದು, ಟಾರ್ಗೆಟ್ ದಾಟಿದ ಕೂಡಲೇ ಮೊದಲ ರೂಪಾಯಿಯಿಂದಲೇ ಹೊಸ ದರ ಕೊಡುವ ಪದ್ಧತಿ. ಅದೇ 20 ಲಕ್ಷಕ್ಕೆ ಶೇಕಡಾ 6 ಅಂದರೆ 1,20,000. ಅಂಥ ಪ್ಲಾನ್ ಸಿಕ್ಕರೆ ಒಳ್ಳೆಯದು, ಆದರೆ ಅಪರೂಪ.

ಅಕ್ಕನ ಮಗನ ಹಾಳೆಯಲ್ಲಿ ಇದ್ದದ್ದು "ಟಾರ್ಗೆಟ್ ದಾಟಿದ ಉದ್ಯೋಗಿಗೆ 1.5 ಪಟ್ಟು ಕಮಿಷನ್" ಅನ್ನುವ ಒಂದು ಸಾಲು. ಎರಡು ಅರ್ಥವೂ ಬರುತ್ತದೆ. ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ಬಾಯಲ್ಲಿ ಎರಡನೆಯ ಅರ್ಥ ಬಂದಿತ್ತಂತೆ. ಹುಡುಗ ಆ ಲೆಕ್ಕದಲ್ಲೇ ಮನೆಯಲ್ಲಿ ಹೇಳಿಕೊಂಡು ಬಂದಿದ್ದ. ಆಮೇಲೆ ಮೇಲ್ ಹಾಕಿ ಕೇಳಿದಾಗ, ಮೇಲಿನ ಭಾಗಕ್ಕೆ ಮಾತ್ರ ಅಂತ ಉತ್ತರ ಬಂತು. ಹಾಗಾಗಿ "20 ಲಕ್ಷ ಮಾರಿದರೆ ನನಗೆ ಎಷ್ಟು ರೂಪಾಯಿ ಬರುತ್ತದೆ?" ಅಂತ ರೂಪಾಯಿಯಲ್ಲೇ ಕೇಳಿ. ಶೇಕಡಾ ಲೆಕ್ಕದಲ್ಲಿ ಕೇಳಿದರೆ ಶೇಕಡಾ ಲೆಕ್ಕದಲ್ಲೇ ಉತ್ತರ ಬರುತ್ತದೆ.

ಕ್ಯಾಪ್ ಶೇಕಡಾ 150 ಇದೆ. ಅಷ್ಟು ಮಾರುವುದು ಹೇಗೂ ಕಷ್ಟ. ಅದರ ಬಗ್ಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಯಾಕೆಂದರೆ ಆ ಶೇಕಡಾ 150 ಮಾರಾಟದ್ದಲ್ಲ, ಕಮಿಷನ್‌ದು. ಬಹಳ ಜನ ಎಡವುವುದು ಇಲ್ಲೇ.

60,000ದ ಶೇಕಡಾ 150 ಅಂದರೆ 90,000. ಆ 90,000 ಯಾವಾಗ ಬಂತು? ಮೇಲಿನ ಲೆಕ್ಕ ನೋಡಿ, 20 ಲಕ್ಷ ಮಾರಿದಾಗಲೇ ಬಂತು. 20 ಲಕ್ಷ ಅಂದರೆ ಟಾರ್ಗೆಟ್‌ನ ಶೇಕಡಾ 133. ಆಕ್ಸಿಲರೇಟರ್ ಇರುವುದರಿಂದ ದುಡ್ಡು ಬೇಗ ಏರುತ್ತದೆ, ಅಷ್ಟೇ ಬೇಗ ಹೋಗಿ ಕ್ಯಾಪ್‌ಗೆ ತಲೆ ತಾಗುತ್ತದೆ. ಅಂದರೆ ಈ ಪ್ಲಾನಿನಲ್ಲಿ ಆಕ್ಸಿಲರೇಟರ್ ಕೆಲಸ ಮಾಡುವುದು 15 ಲಕ್ಷದಿಂದ 20 ಲಕ್ಷದ ನಡುವಿನ 5 ಲಕ್ಷಕ್ಕೆ ಮಾತ್ರ. ಅದರಿಂದ ಜಾಸ್ತಿಯೆಂದರೆ 30,000 ಬರುತ್ತದೆ. ಮೂಲ ದರವೇ ಇದ್ದಿದ್ದರೂ 20,000 ಬರುತ್ತಿತ್ತು. ಅಂದರೆ ಆಕ್ಸಿಲರೇಟರ್‌ನಿಂದ ಮೂರು ತಿಂಗಳಿಗೆ ಸಿಗುವ ನಿಜವಾದ ಲಾಭ 10,000.

20 ಲಕ್ಷದ ಮೇಲೆ ಒಂದು ರೂಪಾಯಿಯೂ ಇಲ್ಲ. 24 ಲಕ್ಷ ಮಾರಿದವನಿಗೂ 90,000ವೇ. ಕ್ಯಾಪ್ ಇಲ್ಲದಿದ್ದರೆ ಅವನಿಗೆ 1,14,000 ಬರಬೇಕಿತ್ತು.

ಕ್ಯಾಪ್ ಇರುವ ಪ್ಲಾನ್ ಎಲ್ಲವೂ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಒಂದೇ ದೊಡ್ಡ ಆರ್ಡರ್ ಅದೃಷ್ಟಕ್ಕೆ ಬಂದುಬಿಟ್ಟರೆ ಅಂತ ಕಂಪನಿಗೂ ಭಯ ಇರುತ್ತದೆ. ಆದರೆ ಆ ಭಯಕ್ಕೆ ಬೇರೆ ದಾರಿ ಇದೆ. ಒಂದೊಂದು ಆರ್ಡರ್‌ಗೆ ಬೇರೆ ಮಿತಿ ಇಡಬಹುದು, ಅಥವಾ ಕ್ಯಾಪ್ ದಾಟಿದ ಮೇಲೆ ಮೂಲ ದರವನ್ನಾದರೂ ಕೊಡಬಹುದು. ಕೇಳಿ ನೋಡಿ, ತಪ್ಪಿಲ್ಲ.

ಕ್ಲಾಬ್ಯಾಕ್ ಅಂದರೆ ಗ್ರಾಹಕ ಬಿಟ್ಟರೆ ಅವನ ಕಮಿಷನ್ ವಾಪಸ್, ಅಷ್ಟೇ ಅಲ್ವಾ?

ಕೇಳುವುದಕ್ಕೆ ಅಷ್ಟೇ. ಆದರೆ "ಅವನ ಕಮಿಷನ್" ಎಷ್ಟು? ಈ ಪುಟದಲ್ಲಿ ಎಲ್ಲಕ್ಕಿಂತ ನಿಧಾನವಾಗಿ ಓದಬೇಕಾದದ್ದು ಈ ಉತ್ತರ. ಒಂದು ಪೆನ್ನು ಹಾಳೆ ಇಟ್ಟುಕೊಳ್ಳಿ.

ಮೂರು ತಿಂಗಳಲ್ಲಿ 20 ಲಕ್ಷ ಮಾರಿ 90,000 ತೆಗೆದುಕೊಂಡಿದ್ದೀರಿ. ಅದರಲ್ಲಿ 4 ಲಕ್ಷದ ಒಂದು ಅಕ್ಕಿ ಗಿರಣಿಯ ಆರ್ಡರ್ ಇತ್ತು. ಐದನೇ ತಿಂಗಳಲ್ಲಿ ಗಿರಣಿಯವರು ಬೇಡ ಅಂದರು. ಈಗ ನಿಮ್ಮಿಂದ ಎಷ್ಟು ಹಿಡಿಯುತ್ತಾರೆ?

ಮೂಲ ದರದಲ್ಲಿ ಹಿಡಿದರೆ 4 ಲಕ್ಷಕ್ಕೆ ಶೇಕಡಾ 4, ಅಂದರೆ 16,000. ಆ ಮೂರು ತಿಂಗಳ ಸರಾಸರಿ ದರದಲ್ಲಿ ಹಿಡಿದರೆ, 90,000ವನ್ನು 20 ಲಕ್ಷದಿಂದ ಭಾಗಿಸಿ ಶೇಕಡಾ 4.5, ಅಂದರೆ 18,000. ಆ 4 ಲಕ್ಷ ಮಾರೇ ಇಲ್ಲ ಅಂತ ಇಡೀ ಲೆಕ್ಕವನ್ನು ಮತ್ತೆ ಮಾಡಿದರೆ, 16 ಲಕ್ಷಕ್ಕೆ ಬರುವುದು 66,000. ಹಾಗಾಗಿ 24,000 ಹಿಡಿಯುತ್ತಾರೆ. ಒಂದೇ ಗಿರಣಿ, ಒಂದೇ ಆರ್ಡರ್. 16,000ಕ್ಕೂ 24,000ಕ್ಕೂ ನಡುವೆ 8,000 ವ್ಯತ್ಯಾಸ. ಅಕ್ಕನ ಮಗನ ಪ್ಲಾನಿನಲ್ಲಿ ಯಾವ ಲೆಕ್ಕ ಅನ್ನುವುದು ಬರೆದೇ ಇರಲಿಲ್ಲ.

ಈಗ ಕ್ಯಾಪ್ ತಂದು ಪಕ್ಕದಲ್ಲಿ ಇಡಿ. ನೀವು 24 ಲಕ್ಷ ಮಾರಿದಿರಿ. ಕ್ಯಾಪ್‌ನಿಂದಾಗಿ 90,000 ಮಾತ್ರ ಬಂತು. ಮೇಲಿನ 4 ಲಕ್ಷಕ್ಕೆ ನಿಮಗೆ ಬಿಡಿಗಾಸೂ ಕೊಟ್ಟಿಲ್ಲ. ಆಮೇಲೆ 4 ಲಕ್ಷದ ಗಿರಣಿ ಬಿಟ್ಟಿತು. ಇಡೀ ಲೆಕ್ಕ ಮತ್ತೆ ಮಾಡಿದರೆ 20 ಲಕ್ಷಕ್ಕೆ 90,000ವೇ ಬರುತ್ತದೆ. ಹಿಡಿಯುವುದಕ್ಕೆ ಏನೂ ಇಲ್ಲ. ಆದರೆ "ಆ ಮಾರಾಟ ಯಾವ ದರದಲ್ಲಿ ದಾಖಲಾಗಿತ್ತೋ ಆ ದರದಲ್ಲಿ ವಾಪಸ್" ಅನ್ನುವ ಪ್ಲಾನ್ ಆಗಿದ್ದು, ಆ ಆರ್ಡರ್ ಕೊನೆಯಲ್ಲಿ ಬಂದಿದ್ದರೆ, ಅದು ಶೇಕಡಾ 6ರಲ್ಲಿ ದಾಖಲಾಗಿರುತ್ತದೆ. 24,000 ಹಿಡಿಯುತ್ತಾರೆ. ನಿಮ್ಮ ಕೈಯಲ್ಲಿ ಉಳಿಯುವುದು 66,000.

ಪಕ್ಕದ ಟೇಬಲ್‌ನವನು 20 ಲಕ್ಷವೇ ಮಾರಿದ್ದ, ಅವನ ಗ್ರಾಹಕರು ಯಾರೂ ಬಿಡಲಿಲ್ಲ. ಅವನಿಗೆ 90,000. ನಿಮ್ಮದೂ ಉಳಿದ ಮಾರಾಟ 20 ಲಕ್ಷವೇ. ನಿಮಗೆ 66,000. ಕೊಡದೇ ಇದ್ದ ದುಡ್ಡನ್ನು ವಾಪಸ್ ಕೇಳಿದ ಹಾಗಾಯಿತು. ಯಾರೋ ಬೇಕಂತ ಮಾಡಿದ ಮೋಸ ಇದು ಅಂತಲ್ಲ. ಕ್ಯಾಪ್ ಬರೆದವರು ಒಬ್ಬರು, ಕ್ಲಾಬ್ಯಾಕ್ ಬರೆದವರು ಇನ್ನೊಬ್ಬರು, ಎರಡನ್ನೂ ಒಟ್ಟಿಗೆ ಇಟ್ಟು ಯಾರೂ ನೋಡಿರುವುದಿಲ್ಲ. ನೋಡುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ.

ಹಾಗಾದರೆ ಇಡೀ ಲೆಕ್ಕ ಮತ್ತೆ ಮಾಡುವ ಪದ್ಧತಿಯೇ ಒಳ್ಳೆಯದಾ?

ಮೇಲ್ಗಡೆ ಒಳ್ಳೆಯದು, ಕೆಳಗಡೆ ಅಪಾಯ.

ಈ ಪ್ಲಾನಿನಲ್ಲಿ ಶೇಕಡಾ 70ರ ಕನಿಷ್ಠ ಗಡಿ ಇದೆ. ಅಂದರೆ 10.5 ಲಕ್ಷ. ನೀವು 11 ಲಕ್ಷ ಮಾರಿದಿರಿ, 44,000 ಬಂತು. ಅದರಲ್ಲಿ 1 ಲಕ್ಷದ ಒಂದು ಬಟ್ಟೆ ಅಂಗಡಿ ಹಣ ಕಟ್ಟಲಿಲ್ಲ. ಇಡೀ ಲೆಕ್ಕ ಮತ್ತೆ ಮಾಡಿದರೆ ನಿಮ್ಮ ಮಾರಾಟ 10 ಲಕ್ಷ. ಗಡಿಗಿಂತ ಕೆಳಗೆ. ಕಮಿಷನ್ ಸೊನ್ನೆ. ಒಂದು ಲಕ್ಷದ ಅಂಗಡಿ ಕೈಕೊಟ್ಟಿದ್ದಕ್ಕೆ 44,000 ಪೂರ್ತಿ ವಾಪಸ್. ಬರೀ ಆ ಅಂಗಡಿಯ ಕಮಿಷನ್ ಹಿಡಿದಿದ್ದರೆ 4,000 ಹೋಗುತ್ತಿತ್ತು.

ಹಾಗಾಗಿ ಯಾವ ಪದ್ಧತಿ ಅಂತ ಜಗಳ ಆಡುವುದಕ್ಕಿಂತ, ಎರಡು ಸಾಲು ಸೇರಿಸಲು ಕೇಳಿ. ಮೊದಲನೆಯದು: ಒಂದು ಮಾರಾಟಕ್ಕೆ ನಿಜವಾಗಿ ಕೊಟ್ಟ ಕಮಿಷನ್‌ಗಿಂತ ಜಾಸ್ತಿ ವಾಪಸ್ ಪಡೆಯುವುದಿಲ್ಲ. ಎರಡನೆಯದು: ಒಮ್ಮೆ ದಾಟಿದ ಕನಿಷ್ಠ ಗಡಿಯನ್ನು ಆಮೇಲೆ ಮತ್ತೆ ಲೆಕ್ಕ ಹಾಕುವುದಿಲ್ಲ. ಇವೆರಡೂ ಕಂಪನಿಗೆ ದೊಡ್ಡ ಖರ್ಚಿನ ಮಾತಲ್ಲ. ನಾನು ಕಂಡ ಹಾಗೆ ದರ, ಟಾರ್ಗೆಟ್ ಬದಲಿಸಿ ಅಂದರೆ ಒಪ್ಪುವುದಿಲ್ಲ. ಇಂಥ ಸಾಲು ಸೇರಿಸಿ ಅಂದರೆ ಒಪ್ಪುತ್ತಾರೆ.

ಗ್ರಾಹಕ ಬಿಟ್ಟಿದ್ದು ಕಂಪನಿಯ ತಪ್ಪಿನಿಂದ. ಆಗಲೂ ಕ್ಲಾಬ್ಯಾಕ್ ನನ್ನ ಮೇಲೇನಾ?

ಬರೆದಿಲ್ಲದಿದ್ದರೆ ನಿಮ್ಮ ಮೇಲೇ. ಇದು ನನಗೇ ಆಗಿದೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ. ಮದ್ದೂರಿನ ಹತ್ತಿರ ಒಂದು ಗಿರಣಿಗೆ ಸಾಫ್ಟ್‌ವೇರ್ ಕೊಟ್ಟಿದ್ದೆ. ಕಮಿಷನ್ ಬಂದಿತ್ತು, ಖರ್ಚೂ ಆಗಿತ್ತು. ನಾಲ್ಕು ತಿಂಗಳಾದ ಮೇಲೆ ರದ್ದು ಅಂತ ಪತ್ರ ಬಂತು. ಯಾಕೆ ಅಂತ ಕೇಳಲು ಹೋದೆ. ಗಿರಣಿಯ ಆಫೀಸಿನಲ್ಲಿ ಕಂಪ್ಯೂಟರ್ ಮೇಲೆ ಒಂದು ಹಳೇ ಟವೆಲ್ ಹೊದಿಸಿದ್ದರು. ಟವೆಲ್ ಮೇಲೆ ತೌಡಿನ ಪುಡಿ ಬೆರಳು ಗೆರೆ ಮೂಡುವಷ್ಟು ಕೂತಿತ್ತು. ಪಕ್ಕದಲ್ಲಿ ರೈಟರ್ ಉದ್ದನೆಯ ಲೆಡ್ಜರ್‌ನಲ್ಲೇ ಬರೆಯುತ್ತಿದ್ದರು. ಯಜಮಾನರು ಬೈಯಲಿಲ್ಲ. "ಕಲ್ಸಿಕೊಡಕ್ಕೆ ಜನ ಕಳಿಸ್ತೀವಿ ಅಂದ್ರಿ, ಒಬ್ರೂ ಬರ್ನಿಲ್ಲ ಕಣಪ್ಪ. ಮೂರ್ ತಿಂಗ್ಳು ಕಾದೆ," ಅಂದರು. ಟ್ರೈನಿಂಗ್‌ನವರನ್ನು ಕಳಿಸಬೇಕಾದದ್ದು ಕಂಪನಿ. ಕಳಿಸದಿದ್ದಕ್ಕೆ ಹೋದದ್ದು ನನ್ನ ಕಮಿಷನ್. ನನ್ನ ಪ್ಲಾನಿನಲ್ಲಿ "ಯಾವುದೇ ಕಾರಣಕ್ಕೆ ರದ್ದಾದರೂ" ಅಂತ ಇತ್ತು. ಆ ಮೂರು ಪದವನ್ನು ನಾನು ಸಹಿ ಹಾಕುವಾಗ ಓದಿದ್ದೆ, ಆದರೆ ಅರ್ಥ ಮಾಡಿಕೊಂಡಿರಲಿಲ್ಲ.

ನಿಮ್ಮ ಪ್ಲಾನಿನಲ್ಲಿ ಅದೇ ಪದಗಳಿದ್ದರೆ, ಇನ್‌ಸ್ಟಾಲೇಶನ್, ಟ್ರೈನಿಂಗ್, ಸರ್ವೀಸ್ ಸರಿ ಇಲ್ಲದೆ ರದ್ದಾದರೆ ಕ್ಲಾಬ್ಯಾಕ್ ಇಲ್ಲ ಅಂತ ಸೇರಿಸಲು ಕೇಳಿ. ಜೊತೆಗೆ ಇನ್ನೊಂದು. ಗ್ರಾಹಕ ಮೊದಲ ಐದು ತಿಂಗಳ ಹಣ ಕಟ್ಟಿ ಆಮೇಲೆ ಬಿಟ್ಟ, ಕಂಪನಿ ಆ ಐದು ತಿಂಗಳ ಹಣ ಇಟ್ಟುಕೊಂಡಿತು. ಆಗ ನಿಮ್ಮ ಕಮಿಷನ್‌ನಲ್ಲೂ ಹನ್ನೆರಡರಲ್ಲಿ ಐದು ಪಾಲು ನಿಮಗೇ ಉಳಿಯಬೇಕು. 4 ಲಕ್ಷದ ಆರ್ಡರ್‌ಗೆ ಮೂಲ ದರದ 16,000ದಲ್ಲಿ ಸುಮಾರು 6,700 ನಿಮ್ಮದು. ಪೂರ್ತಿ ವಾಪಸ್ಸೋ, ಉಳಿದ ತಿಂಗಳ ಲೆಕ್ಕದಲ್ಲೋ ಅಂತ ಕೇಳಿ.

ಮೂರು ತಿಂಗಳಿಗೊಮ್ಮೆ ಲೆಕ್ಕ, ವರ್ಷಕ್ಕೊಮ್ಮೆ ಲೆಕ್ಕ. ಯಾವುದಾದರೂ ಒಂದೇ ಅಲ್ವಾ?

ನಮ್ಮ ಕಡೆಯ ವ್ಯಾಪಾರಕ್ಕೆ ಒಂದೇ ಅಲ್ಲ. ಅಂಗಡಿಯವರು ಹೊಸ ಸಾಫ್ಟ್‌ವೇರ್ ಹಾಕಿಸುವುದು ಹಬ್ಬದ ವ್ಯಾಪಾರ ಶುರುವಾಗುವ ಮುಂಚೆ. ದಸರಾ, ದೀಪಾವಳಿ ಹತ್ತಿರ ಬಂದ ಮೇಲೆ ಅವರಿಗೆ ಮಾತಾಡಲೂ ಪುರುಸೊತ್ತಿರುವುದಿಲ್ಲ. ಮಂಡ್ಯ ಕಡೆ ಕಬ್ಬು, ಭತ್ತದ ದುಡ್ಡು ಕೈಗೆ ಬಂದಾಗ ಒಂದು ಓಟ, ಉಳಿದ ತಿಂಗಳು ತಣ್ಣಗೆ.

ಒಂದು ಸಲ ಹೀಗಾಯಿತು ಅಂದುಕೊಳ್ಳಿ. ಏಪ್ರಿಲ್‌ನಿಂದ ಜೂನ್‌ವರೆಗೆ 9 ಲಕ್ಷ. ಗಡಿ ದಾಟಲಿಲ್ಲ, ಸೊನ್ನೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ 21 ಲಕ್ಷ. ಲೆಕ್ಕ 96,000ಕ್ಕೆ ಬರುತ್ತದೆ, ಕ್ಯಾಪ್ 90,000ಕ್ಕೆ ನಿಲ್ಲಿಸುತ್ತದೆ. ಆರು ತಿಂಗಳಿಗೆ 30 ಲಕ್ಷ ಮಾರಿ ಟಾರ್ಗೆಟ್ ಸರಿಯಾಗಿ ಮುಟ್ಟಿದ್ದೀರಿ, ಸಿಕ್ಕಿದ್ದು 90,000. ಅದೇ 30 ಲಕ್ಷವನ್ನು ಹದಿನೈದು ಹದಿನೈದಾಗಿ ಮಾರಿದ್ದರೆ 1,20,000. ಕೆಳಗೆ ಗಡಿ, ಮೇಲೆ ಕ್ಯಾಪ್ ಎರಡೂ ಇರುವ ಪ್ಲಾನ್, ಏರಿಳಿತದ ವ್ಯಾಪಾರ ಮಾಡುವವನಿಂದ ಎರಡೂ ತುದಿಯಲ್ಲಿ ಕಿತ್ತುಕೊಳ್ಳುತ್ತದೆ.

ವರ್ಷದ ಕೊನೆಯಲ್ಲಿ ಒಟ್ಟು ಮಾರಾಟ ನೋಡಿ ಬಾಕಿ ಸರಿ ಮಾಡಿಕೊಡುತ್ತಾರಾ ಅಂತ ಕೇಳಿ. ಕೆಲವು ಕಂಪನಿಗಳು ಮಾಡುತ್ತವೆ.

ಮಾರಾಟ ಅಂತ ಯಾವಾಗ ಲೆಕ್ಕ? ಆರ್ಡರ್ ಬಂದಾಗಲಾ, ದುಡ್ಡು ಬಂದಾಗಲಾ?

ಪ್ಲಾನಿನಲ್ಲಿ ಇದು ಸ್ಪಷ್ಟವಾಗಿ ಇರಬೇಕು. ಆರ್ಡರ್‌ಗೆ ಸಹಿ ಬಿದ್ದಾಗ, ಬಿಲ್ ಆದಾಗ, ಹಣ ಬ್ಯಾಂಕಿಗೆ ಬಂದಾಗ, ಮೂರರಲ್ಲಿ ಒಂದು. ಸಹಿ ಬಿದ್ದಾಗಲೇ ಕೊಟ್ಟರೆ ದುಡ್ಡು ಬೇಗ ಬರುತ್ತದೆ, ಕ್ಲಾಬ್ಯಾಕ್ ಭಯ ಜಾಸ್ತಿ. ಹಣ ಬಂದ ಮೇಲೆ ಕೊಟ್ಟರೆ ನಿಧಾನ, ಆದರೆ ಬಂದದ್ದು ಉಳಿಯುತ್ತದೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಕೇಳಿ. ಹಣ ಬಂದ ಮೇಲೆಯೇ ಕಮಿಷನ್ ಕೊಡುವುದಾದರೆ, ಹಣ ಕಟ್ಟದಿದ್ದರೆ ವಾಪಸ್ ಅನ್ನುವ ಸಾಲು ಯಾಕೆ ಬೇಕು? ಎರಡೂ ಇರುವ ಪ್ಲಾನ್ ಎಲ್ಲಿಂದಲೋ ನಕಲು ಮಾಡಿದ್ದು.

ಜಿಎಸ್‌ಟಿ ಲೆಕ್ಕಕ್ಕೆ ಬರುವುದಿಲ್ಲ. ಸಾಫ್ಟ್‌ವೇರ್‌ಗೆ ಶೇಕಡಾ 18 ಇರುವುದರಿಂದ, ಗ್ರಾಹಕ 1,18,000 ಕಟ್ಟಿದರೆ ನಿಮ್ಮ ಟಾರ್ಗೆಟ್‌ಗೆ ಸೇರುವುದು 1 ಲಕ್ಷ. ಡಿಸ್ಕೌಂಟ್ ಕೊಟ್ಟರೆ ಅದನ್ನೂ ಕಳೆದ ಮೇಲಿನ ಮೊತ್ತ.

ಕ್ಲಾಬ್ಯಾಕ್‌ಗಾಗಿ ಖಾಯಂ ಸಂಬಳದಲ್ಲೇ ಹಿಡಿಯಬಹುದಾ?

ಎಷ್ಟಾದರೂ ಹಿಡಿಯಬಹುದು ಅಂತಿಲ್ಲ. ವೇತನ ಸಂಹಿತೆ, 2019 ಅನ್ನುವ ಕಾನೂನು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಜಾಸ್ತಿ ಕೊಟ್ಟ ಹಣವನ್ನು ಸರಿ ಮಾಡಿಕೊಳ್ಳಲು ವೇತನದಲ್ಲಿ ಕಡಿತ ಮಾಡಬಹುದು, ಆದರೆ ಒಂದು ವೇತನ ಅವಧಿಯ ಎಲ್ಲ ಕಡಿತಗಳೂ ಸೇರಿ ವೇತನದ ಅರ್ಧ ಮೀರುವಂತಿಲ್ಲ. ಇದಕ್ಕೆ ಮುಂಚೆ ಇದ್ದ 1936ರ ಕಾನೂನಿನಲ್ಲೂ ಅರ್ಧದ ಮಿತಿ ಇತ್ತು, ಆದರೆ ಅದು ತಿಂಗಳಿಗೆ 24,000ದವರೆಗಿನ ವೇತನದವರಿಗೆ ಮಾತ್ರ ಅನ್ವಯವಾಗುತ್ತಿತ್ತು.

ಇನ್ನೊಂದು ವಿಷಯ ತಿಳಿದಿರಲಿ. ಈ ಕಾನೂನು ವೇತನ ಅಂದರೆ ಏನು ಅಂತ ಹೇಳುವಾಗ ಕಮಿಷನ್ ಅನ್ನು ಹೊರಗಿಡುತ್ತದೆ. ಹಾಗಾಗಿ ಅರ್ಧದ ಮಿತಿಯೇ ನನ್ನ ಮುಂದಿನ ಕಮಿಷನ್ ಅನ್ನೂ ಕಾಯುತ್ತದೆ ಅಂತ ನಂಬಿ ಕೂರಬೇಡಿ. ನಿಮಗೆ ಆಸರೆ ಪ್ಲಾನಿನ ಮಾತೇ. ಮುಂದಿನ ಕಮಿಷನ್‌ನಿಂದ ಮಾತ್ರ ಹಿಡಿಯುತ್ತೇವೆ, ಖಾಯಂ ಸಂಬಳ ಮುಟ್ಟುವುದಿಲ್ಲ, ದೊಡ್ಡ ಮೊತ್ತವಾದರೆ ಮೂರು ಕಂತು ಮಾಡುತ್ತೇವೆ ಅಂತ ಬರೆಸಿಕೊಂಡರೆ ಒಳ್ಳೆಯದು.

ಕೆಲಸ ಬಿಟ್ಟರೆ ಬಾಕಿ ಕಮಿಷನ್ ಏನಾಗುತ್ತದೆ?

"ಕಮಿಷನ್ ಪಾವತಿಯ ದಿನ ಉದ್ಯೋಗಿ ಕಂಪನಿಯಲ್ಲಿ ಇರಬೇಕು" ಅನ್ನುವ ಸಾಲು ಹುಡುಕಿ. ಅದಿದ್ದರೆ, ಸೆಪ್ಟೆಂಬರ್‌ವರೆಗೆ ಮಾರಿದ್ದಕ್ಕೆ ನವೆಂಬರ್‌ನಲ್ಲಿ ದುಡ್ಡು ಕೊಡುವುದಾದರೆ, ಅಕ್ಟೋಬರ್‌ನಲ್ಲಿ ಬಿಟ್ಟವರಿಗೆ ಕೊಡುವುದಿಲ್ಲ ಅನ್ನುತ್ತಾರೆ. "ಮಾರಾಟದ ದಿನ ಇರಬೇಕು" ಅಂತ ಬದಲಿಸಲು ಕೇಳಿ. ನೋಟಿಸ್ ಅವಧಿಯ ಮಾರಾಟಕ್ಕೂ ಕಮಿಷನ್ ಇದೆಯಾ ಅಂತ ಕೇಳಿ. ಬಿಟ್ಟು ಹೋದ ಮೇಲೆ ರದ್ದಾದ ಆರ್ಡರ್‌ಗೆ ನಿಮ್ಮ ಹತ್ತಿರ ದುಡ್ಡು ಕೇಳುತ್ತಾರಾ ಅನ್ನುವುದೂ ಬರಹದಲ್ಲಿರಲಿ. ನೀವು ಹೋದ ಮೇಲೆ ಆ ಗ್ರಾಹಕನನ್ನು ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿ ಇರುವುದಿಲ್ಲವಲ್ಲ.

ಮೊದಲ ಮೂರು ತಿಂಗಳು ಕಮಿಷನ್ ಗ್ಯಾರಂಟಿ ಅಂದಿದ್ದಾರೆ. ನಂಬಬಹುದಾ?

ಅದು ಗ್ಯಾರಂಟಿಯೋ ಮುಂಗಡವೋ ಅಂತ ಕೇಳಿ. ಗ್ಯಾರಂಟಿ ಆದರೆ ನಿಮ್ಮದು. ಮುಂಗಡ ಆದರೆ ಮುಂದಿನ ಕಮಿಷನ್‌ನಲ್ಲಿ ಮುರಿದುಕೊಳ್ಳುತ್ತಾರೆ, ಅಂದರೆ ಅದು ಸಾಲ. ಹೊಸಬರಿಗೆ ಮೊದಲ ಮೂರು ತಿಂಗಳ ಟಾರ್ಗೆಟ್ ಕಡಿಮೆ ಇದೆಯಾ ಅಂತಲೂ ಕೇಳಿ. ಹೊಸ ಏರಿಯಾದಲ್ಲಿ ಸೇರಿದ ಮೊದಲ ದಿನದಿಂದ 15 ಲಕ್ಷ ಅಂದರೆ ಕಷ್ಟ.

ಪ್ಲಾನ್ ಸೇರಿದ ಮೇಲೆ ಕೊಡ್ತೇವೆ ಅಂತಾರೆ. ಏನು ಮಾಡೋದು?

ಪ್ಲಾನ್ ನೋಡದೆ ಹೂಂ ಅನ್ನಬೇಡಿ. ಈ ಒಂದು ವಿಷಯದಲ್ಲಿ ನಾನು ಹಟ ಮಾಡುತ್ತೇನೆ. ಸಂಬಳದ ಐದರಲ್ಲಿ ಎರಡು ಪಾಲು ಆ ಹಾಳೆಯಲ್ಲಿದೆ. ಈ ವರ್ಷದ ಪ್ಲಾನ್ ಇನ್ನೂ ತಯಾರಾಗಿಲ್ಲ ಅಂದರೆ, ಹೋದ ವರ್ಷದ ಪ್ಲಾನ್ ಕೊಡಿ ಅನ್ನಿ. ಅದೂ ಇಲ್ಲ ಅಂದರೆ ಆ ಕಮಿಷನ್ ಭಾಗವನ್ನು ಸೊನ್ನೆ ಅಂದುಕೊಂಡು, 30,000ದ ಕೆಲಸ ಬೇಕಾ ಅಂತ ಯೋಚಿಸಿ. "ಕಂಪನಿ ಯಾವಾಗ ಬೇಕಾದರೂ ಪ್ಲಾನ್ ಬದಲಿಸಬಹುದು" ಅನ್ನುವ ಸಾಲು ಸುಮಾರು ಎಲ್ಲದರಲ್ಲೂ ಇರುತ್ತದೆ, ಅದನ್ನು ತೆಗೆಸಲು ಆಗುವುದಿಲ್ಲ. ಆದರೆ ಆಗಲೇ ಆದ ಮಾರಾಟಕ್ಕೆ ಹಳೇ ಪ್ಲಾನೇ ಅನ್ವಯ ಅಂತ ಸೇರಿಸಲು ಕೇಳಬಹುದು.

ಲೆಕ್ಕ ನಾನೇ ಹಾಕಿಕೊಳ್ಳುವುದು ಹೇಗೆ?

ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ ಮೊದಲ ಕಾಲಂನ ಎರಡನೇ ಸಾಲಿನಲ್ಲಿ ಮಾರಾಟದ ಮೊತ್ತ ಹಾಕಿ. ಪಕ್ಕದ ಚೌಕದಲ್ಲಿ ಇದನ್ನು ಬರೆಯಿರಿ:

```
=IF(A2<1050000,0,MIN(90000,MIN(A2,1500000)*4%+MAX(A2-1500000,0)*6%))
```

ನಿಮ್ಮ ಪ್ಲಾನಿನ ಗಡಿ, ಕ್ಯಾಪ್, ಟಾರ್ಗೆಟ್, ದರ ಬೇರೆ ಇದ್ದರೆ ಆ ಅಂಕಿಗಳನ್ನು ಬದಲಿಸಿ. ಆಮೇಲೆ 9, 11, 15, 20, 24 ಲಕ್ಷ ಅಂತ ಒಂದೊಂದಾಗಿ ಹಾಕಿ ನೋಡಿ. ಎಲ್ಲಿ ಸೊನ್ನೆ, ಎಲ್ಲಿ ಏರುತ್ತದೆ, ಎಲ್ಲಿ ನಿಂತುಹೋಗುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಪ್ರತಿ ಮೊತ್ತದಿಂದ ನಿಮ್ಮ ದೊಡ್ಡ ಆರ್ಡರ್ ಒಂದನ್ನು ಕಳೆದು ಮತ್ತೆ ಹಾಕಿ. ಎರಡರ ವ್ಯತ್ಯಾಸವೇ ಲೆಕ್ಕ ಮತ್ತೆ ಮಾಡಿದರೆ ಹೋಗುವ ಕ್ಲಾಬ್ಯಾಕ್.

ಎಚ್‌ಆರ್‌ಗೆ ಹೇಗೆ ಕೇಳಲಿ? ಕೇಳಿದರೆ ಆಫರ್ ವಾಪಸ್ ತಗೋತಾರಾ?

ಲೆಕ್ಕ ಕೇಳಿದ್ದಕ್ಕೆ ಆಫರ್ ಕಿತ್ತುಕೊಂಡಿದ್ದನ್ನು ನಾನು ನೋಡಿಲ್ಲ. ಸೇಲ್ಸ್ ಮ್ಯಾನೇಜರ್‌ಗೆ ಲೆಕ್ಕ ಬರುವ ಹುಡುಗ ಅಂದರೆ ಇಷ್ಟವೇ. ಫೋನ್‌ನಲ್ಲಿ ಕೇಳಬೇಡಿ, ಮೇಲ್ ಹಾಕಿ. ಅಕ್ಕನ ಮಗ ಕಳಿಸಿದ್ದು ಇಷ್ಟೇ:

"ಸರ್, ಆಫರ್‌ಗೆ ಧನ್ಯವಾದ. ಪ್ಲಾನ್ ಸರಿಯಾಗಿ ಅರ್ಥ ಮಾಡಿಕೊಳ್ಳಲು ನಾಲ್ಕು ಲೆಕ್ಕ ಕೇಳುತ್ತಿದ್ದೇನೆ. ಮೂರು ತಿಂಗಳಲ್ಲಿ 20 ಲಕ್ಷ ಮಾರಿದರೆ ಕಮಿಷನ್ ಎಷ್ಟು ರೂಪಾಯಿ? 24 ಲಕ್ಷ ಮಾರಿ, ಅದರಲ್ಲಿ 4 ಲಕ್ಷದ ಆರ್ಡರ್ ಐದನೇ ತಿಂಗಳಲ್ಲಿ ರದ್ದಾದರೆ ಎಷ್ಟು ವಾಪಸ್? 11 ಲಕ್ಷ ಮಾರಿ 1 ಲಕ್ಷದ ಆರ್ಡರ್‌ಗೆ ಹಣ ಬರದಿದ್ದರೆ ಎಷ್ಟು ವಾಪಸ್? ಟೀಮಿನಲ್ಲಿ ಕಳೆದ ಎರಡು ಕ್ವಾರ್ಟರ್‌ನಲ್ಲಿ ಎಷ್ಟು ಜನ ಟಾರ್ಗೆಟ್ ಮುಟ್ಟಿದ್ದಾರೆ?"

ಮೂರು ದಿನ ಉತ್ತರ ಇಲ್ಲ. ನಾಲ್ಕನೇ ದಿನ ಬಂತು. ಮೊದಲನೆಯದಕ್ಕೆ 90,000. ಎರಡನೆಯದಕ್ಕೆ, ಇದನ್ನು ನಾವೂ ಯೋಚಿಸಿರಲಿಲ್ಲ, ಕೊಟ್ಟದ್ದಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ ಅಂತ. ಮೂರನೆಯದಕ್ಕೆ 4,000 ಮಾತ್ರ, ಗಡಿಯನ್ನು ಮತ್ತೆ ನೋಡುವುದಿಲ್ಲ ಅಂತ. ನಾಲ್ಕನೆಯದಕ್ಕೆ ಒಂಬತ್ತು ಜನರಲ್ಲಿ ನಾಲ್ಕು ಜನ. ಕ್ಯಾಪ್ ತೆಗೆಯಲಿಲ್ಲ. ಹುಡುಗ ಆ ಮೇಲ್ ಅನ್ನು ಪ್ರಿಂಟ್ ತೆಗೆದು ಆಫರ್ ಲೆಟರ್ ಜೊತೆಗೇ ಪಿನ್ ಹೊಡೆದು ಇಟ್ಟುಕೊಂಡು ಕೆಲಸಕ್ಕೆ ಸೇರಿದ.